[ಪದಚರ್ಚೆ] ಡೀಸೆಲ್ ಹೊಗೆಯ ‘ಸೂಟ್’ಗೆ ಕನ್ನಡದಲ್ಲಿ ಏನನ್ನೋಣ? ನಾಳೆ ಸಂಜೆಯೊಳಗೆ ಬೇಕು

ಸುಮಾ:
ಎಲ್ಲರಿಗೂ ನಮಸ್ಕಾರ. ಲಾರಿ ಡ್ರೈವರುಗಳ ತರಬೇತಿಗೆ ಒಂದು ಕೈಪಿಡಿ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ‘ಫ್ಯುಯೆಲ್ ರಿಚ್ ಪಾಕೆಟ್’ಗಳಲ್ಲಿ ‘ಸೂಟ್’ ಹುಟ್ಟುತ್ತದೆ ಎಂಬ ವಾಕ್ಯಕ್ಕೆ ಬಂದು ನಿಂತಿದ್ದೇನೆ. ‘ಇಂಧನ ಸಮೃದ್ಧ ಕೋಶಗಳಲ್ಲಿ ಇಂಗಾಲಕಣ ಉತ್ಪತ್ತಿಯಾಗುತ್ತದೆ’ ಎಂದು ಬರೆದು ಒಬ್ಬ ಡ್ರೈವರಿಗೆ ಓದಿ ಹೇಳಿದೆ. ‘ಟ್ಯಾಂಕ್ ಫುಲ್ ಇದ್ದಾಗ ಅಂತಾನಾ ಮೇಡಂ?’ ಎಂದರು. ಮಸಿ ಅನ್ನಲೇ, ಕಾಡಿಗೆ ಅನ್ನಲೇ?

ಶ್ರೀಧರ:
ಇಲ್ಲಣ. ಅಡುಗೆಮನೆ ಸೂರಿನಿಂದ ಜೋತುಬೀಳುವ ಕರಿಗೆ ನಮ್ಮ ಹಿರಿಯರು ಇಟ್ಟ ಹೆಸರು. ‘ಇಲ್’ ಅಂದರೆ ಮನೆ. ಮಸಿ ಸಂಸ್ಕೃತದ್ದು, ಬೇಡ.

ರಫೀಕ್:
ಗ್ಯಾರೇಜಲ್ಲಿ ನಾವು ಕಾರ್ಬನ್ ಅಂತೀವಿ, ಎಲ್ಲರಿಗೂ ಅರ್ಥ ಆಗುತ್ತದೆ. ಪಾಕೆಟ್ ಗೀಕೆಟ್ ಬಿಡಿ ಮೇಡಂ. ‘ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ ಆದರೆ ಕಪ್ಪು ಹೊಗೆ’ ಎಂದು ಬರೆಯಿರಿ, ಸಾಕು.

ವಿಶಾಲಾಕ್ಷಿ:
ನಮ್ಮ ತೋಟದ ಜೀಪು ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ. ಅದಕ್ಕೂ ಮಸಿ ಅನ್ನಬಹುದಾ?

ಜಯರಾಮ:
ವಿಶಾಲಾಕ್ಷಿಯವರೇ, ಅದು ಮಸಿಯಲ್ಲ. ನೀಲಿ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗ್, ವಾಲ್ವ್ ಸೀಲ್ ನೋಡಿಸಿ.

ರಫೀಕ್, ನಿಮ್ಮ ಮಾತು ಅರ್ಧ ಸರಿ. ಆದರೆ ‘ಪಾಕೆಟ್’ ಬಿಟ್ಟರೆ ವಾಕ್ಯದ ಜೀವವೇ ಹೋಗುತ್ತದೆ. ಒಂದು ಕೆ.ಜಿ. ಡೀಸೆಲ್ ಪೂರ್ತಿ ಉರಿಯಲು ಸುಮಾರು 14.5 ಕೆ.ಜಿ. ಗಾಳಿ ಬೇಕು. ಸಿಲಿಂಡರಿನಲ್ಲಿ 18 ಕೆ.ಜಿ. ಇದ್ದರೂ ಹಳೇ ಲಾರಿ ಕಪ್ಪಗೆ ಉಗುಳಬಹುದು. ಗಾಳಿ ಇದೆ, ಬೇಕಾದ ಜಾಗದಲ್ಲಿ ಇಲ್ಲ.

ಪೆಟ್ರೋಲ್ ಗಾಡಿಯ ಕಾರ್ಬುರೇಟರಿನಲ್ಲಿ ಆಗುವ ಹಾಗೆ ಇಲ್ಲಿ ಎರಡೂ ಮೊದಲೇ ಬೆರೆತಿರುವುದಿಲ್ಲ. ಅದುಮಿ ಕಾದ ಗಾಳಿಗೆ ನಾಝಲ್ ಡೀಸೆಲ್ ಚಿಮ್ಮಿಸುತ್ತದೆ, ಬೆರೆಯುವ ಮೊದಲೇ ಅದು ಹತ್ತಿಕೊಳ್ಳುತ್ತದೆ. ಧಾರೆಯ ಅಂಚಿಗೆ ಗಾಳಿ ಸಿಗುತ್ತದೆ, ನಡುವಿಗೆ ಸಿಗುವುದಿಲ್ಲ. ಆ ನಡುವಿನಲ್ಲಿ ಡೀಸೆಲ್ ವಿಪರೀತ ಕಾದು, ಉರಿಯದೆ ಸುಮ್ನೆ ಒಡೆಯುತ್ತದೆ. ಅಸಿಟಿಲೀನಿನಂಥ ಚೂರುಗಳು ಕೂಡಿ ಉಂಗುರಗಳಾಗುತ್ತವೆ, ಉಂಗುರಗಳು ಬೆಸೆದು ಸಣ್ಣ ಗುಂಡುಗಳಾಗುತ್ತವೆ. ಒಂದು ಗುಂಡು ಮಿಲಿಮೀಟರಿನ ಲಕ್ಷದಲ್ಲಿ ಎರಡು ಮೂರು ಭಾಗದಷ್ಟು. ಅವು ಒಂದಕ್ಕೊಂದು ಅಂಟಿ ದ್ರಾಕ್ಷಿಗೊಂಚಲಿನ ಹಾಗಾದರೆ ಅದೇ ನಿಮ್ಮ ಮಸಿ.

ಹುಟ್ಟಿದ್ದೆಲ್ಲ ಹೊರಗೆ ಬರುವುದಿಲ್ಲ. ಹೆಚ್ಚಿನ ಪಾಲು ಆಮೇಲೆ ಗಾಳಿ ಸಿಕ್ಕಿ ಸಿಲಿಂಡರಿನಲ್ಲೇ ಉರಿದುಹೋಗುತ್ತದೆ. ಹಳೇ ಗಾಡಿ ಸೋಲುವುದು ಇಲ್ಲಿ. ನಾಝಲ್ ಸವೆದು ಡೀಸೆಲ್ ಮಂಜಾಗುವ ಬದಲು ತೊಟ್ಟಿಕ್ಕುತ್ತದೆ. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡಿರುತ್ತದೆ. ಲೋಡ್ ಎಳೆಯಲಿ ಎಂದು ಯಾರೋ ಪಂಪಿನ ಸ್ಕ್ರೂ ತಿರುವಿ ಡೀಸೆಲ್ ಹೆಚ್ಚಿಸಿರುತ್ತಾರೆ. ತಡವಾಗಿ ಬಿದ್ದ ಡೀಸೆಲಿನ ಮಸಿ ಉರಿಯುವಷ್ಟರಲ್ಲಿ ಪಿಸ್ಟನ್ ಕೆಳಗಿಳಿದು ಒಳಗೆ ತಣ್ಣಗಾಗಿರುತ್ತದೆ. ಘಾಟಿ ಏರುವಾಗ ನೋಡಿ, ಆಕ್ಸಿಲರೇಟರ್ ಒತ್ತಿದ ಕೂಡಲೇ ಹೊಗೆ ಕಪ್ಪಾಗುತ್ತದೆ.

ಶ್ರೀಧರರೇ, ಇಲ್ಲಣ ಚಂದದ ಪದ, ಒಪ್ಪುತ್ತೇನೆ. ಆದರೆ ಅದು ಸೂರಿನಲ್ಲಿ ಕೂತು ಬಲೆಗಟ್ಟಿದ ಮೇಲಿನ ಹೆಸರು. ಉರಿಯೊಳಗೆ ಹುಟ್ಟುವಾಗಿನದ್ದಲ್ಲ.

ಸುಮಾ:
ಹಾಗಾದರೆ ಕಾಡಿಗೆ? ಅಜ್ಜಿ ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕಿ ಮಾಡುತ್ತಿದ್ದರು. ತಟ್ಟೆ ತೆಗೆದರೆ ಅದೇ ದೀಪ ಹೊಗೆಯಾಡುತ್ತಲೇ ಇರಲಿಲ್ಲ.

ಜಯರಾಮ:
ಸರಿಯಾಗಿ ನೋಡಿದ್ದೀರಿ! ದೀಪದ ಹಳದಿ ಬೆಳಕೇ ಕಾದು ಹೊಳೆಯುವ ಮಸಿ. ಸುಮ್ಮನೆ ಬಿಟ್ಟರೆ ಕುಡಿಯ ತುದಿಯಲ್ಲಿ ಉರಿದುಹೋಗುತ್ತದೆ. ತಟ್ಟೆ ಅದನ್ನು ಉರಿಯುವ ಮೊದಲೇ ತಣ್ಣಗೆ ಮಾಡಿ ಹಿಡಿದುಬಿಡುತ್ತದೆ. ಸಿಲಿಂಡರಿನಲ್ಲೂ ಅಷ್ಟೇ. ಆದರೆ ಕಾಡಿಗೆ ಅಂದರೆ ಎಲ್ಲರಿಗೂ ಕಣ್ಣೇ ನೆನಪಾಗುತ್ತದೆ. ಮಸಿ ಎಂದೇ ಬರೆಯಿರಿ.

ಶ್ರೀಧರ:
ಹೀಗೆ ಒಂದೊಂದೇ ಪದ ಬಿಟ್ಟುಕೊಡುತ್ತಾ ಹೋಗಿ. ನಾಝಲ್, ಪಂಪ್, ಫಿಲ್ಟರ್ ಎಲ್ಲ ಆಯಿತು. ಈಗ ಮಸಿಯನ್ನೂ ಸಾಲ ತರಬೇಕಾ?

ಜಯರಾಮ:
ಮಸಿ ಸಾಲದ್ದೆಂದು ತೀರ್ಮಾನಿಸಿದವರು ಯಾರು? ತಮಿಳಿನ ‘ಮೈ’ ಅಂದರೂ ಕಪ್ಪು, ಕಾಡಿಗೆ. ಸಂಸ್ಕೃತವೇ ನಮ್ಮ ಕಡೆಯಿಂದ ಪಡೆದಿರಬಹುದು.

ಶ್ರೀಧರ:
‘ಇರಬಹುದು’ ಆಧಾರವಲ್ಲ.

ರಫೀಕ್:
ಇಲ್ಲಣ ಅಂದರೆ ನಮ್ಮ ಹುಡುಗರು ಅಂಗಡಿಗೆ ಹೋಗಿ ಆ ಪಾರ್ಟ್ ಕೇಳುತ್ತಾರೆ ಸಾರ್. ಗಾಳಿ ಒಟ್ಟಿನಲ್ಲಿ ಜಾಸ್ತಿಯೇ ಇರುತ್ತದೆ ಅನ್ನೋದು ನನಗೂ ಹೊಸದು.

ಸುಮಾ:
ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಚಿಮ್ಮಿದ ಡೀಸೆಲಿನ ನಡುವೆ ಗಾಳಿ ಮುಟ್ಟದ ಕಡೆ ಮಸಿ ಹುಟ್ಟುತ್ತದೆ. ಉರಿಯದೆ ಉಳಿದ ಮಸಿಯೇ ಕಪ್ಪು ಹೊಗೆ.’ ‘ರಿಚ್’ ಎಂಬ ಪದವೇ ಬೇಕಾಗಲಿಲ್ಲ. ‘ಗಾಳಿ ಮುಟ್ಟದ ಕಡೆ’ ಎಂಬುದಕ್ಕೆ ಒಂದೇ ಪದ ಯಾರಿಗಾದರೂ ಹೊಳೆದರೆ ನಾಳೆ ನಾಲ್ಕರೊಳಗೆ ತಿಳಿಸಿ. ಚಿತ್ರದ ಮೇಲೆ ಗುರುತು ಹಾಕಲು ಜಾಗ ಚಿಕ್ಕದು.

ಶ್ರೀಧರ:
ಉಸಿರ್ಗೇಡು.

ಜಯರಾಮ:
ಅದು ಜಾಗದ ಹೆಸರಲ್ಲ.