ಪದಚರ್ಚೆ: ‘ಮುಂಗಡ ಕಂತು’ ಮೊದಲನೆಯದೋ, ಕೊನೆಯದೋ?

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಅರ್ಜಿ, ಕರಾರು, ಲಗ್ನಪತ್ರಿಕೆ ಎಲ್ಲ ಟೈಪ್ ಮಾಡುತ್ತೇನೆ. ಹಾಗಾಗಿ ಪದಗಳ ಚಿಂತೆ ನನಗೆ ಸ್ವಲ್ಪ ಜಾಸ್ತಿ.

ಅಕ್ಕನ ಮಗ ಬೈಕ್ ತೆಗೆದುಕೊಂಡ. ಸಾಲದ ಕಾಗದ ಕನ್ನಡದಲ್ಲೇ ಕೊಟ್ಟಿದ್ದಾರೆ. ಅದು ಒಳ್ಳೆಯದೇ. ಆದರೆ ಅದರ ಎರಡು ಸಾಲು ನಮ್ಮ ಮನೆಯಲ್ಲಿ ಜಗಳ ತಂದಿವೆ. ಒಂದು ‘ಮುಂಗಡ ಕಂತುಗಳು: 2’. ಇನ್ನೊಂದು ‘ವಾರ್ಷಿಕ ಶೇಕಡಾವಾರು ದರ: 14.41’.

ಉಳಿದ ಲೆಕ್ಕ ಹೀಗಿದೆ. ಸಾಲ 1,00,000 ರೂಪಾಯಿ. ಬಡ್ಡಿ ವರ್ಷಕ್ಕೆ ಶೇ. 12, ಇಳಿಯುವ ಬಾಕಿಯ ಮೇಲೆ. 24 ಕಂತು, ಕಂತಿಗೆ 4,707. ಸಂಸ್ಕರಣಾ ಶುಲ್ಕ ಜಿಎಸ್‌ಟಿ ಸೇರಿ 2,360. ಈ ‘ಸಂಸ್ಕರಣಾ ಶುಲ್ಕ’ಕ್ಕೆ ನಮ್ಮ ಕಡೆ ಎಲ್ಲರೂ ಫೈಲ್ ಚಾರ್ಜ್ ಅಂತಲೇ ಹೇಳುವುದು.

ಶೋರೂಮಿನಲ್ಲಿದ್ದ ಹುಡುಗ, “ಎರಡು ಕಿಸ್ತು ಈಗಲೇ ಕಟ್ಟಿಬಿಡ್ರಿ, ಮುಂದ ಆರಾಮ್” ಅಂದನಂತೆ. ಇವನು ಎರಡು ತಿಂಗಳು ಕಂತಿಲ್ಲ ಅಂತ ತಿಳಿದ. ಮುಂದಿನ 5ನೇ ತಾರೀಖು ಖಾತೆಯಿಂದ ಕಂತು ಎಳೆಯಲು ಬಂದರು. ಖಾತೆಯಲ್ಲಿ ದುಡ್ಡಿರಲಿಲ್ಲ, ಬೌನ್ಸ್ ಆಯಿತು, ದಂಡ ಬಿತ್ತು. ಫೋನ್ ಮಾಡಿ ಕೇಳಿದರೆ, “ನಿಮ್ಮ ಮುಂಗಡ ಕಂತು ಕೊನೆಯ ಎರಡಕ್ಕೆ ಜಮೆ ಆಗ್ತದ್ರೀ” ಅಂದರು.

ನನ್ನ ಪ್ರಶ್ನೆ ಇಷ್ಟೇ. ‘ಮುಂಗಡ ಕಂತು’ ಅಂದಾಗ ಕನ್ನಡ ಬಲ್ಲವನಿಗೆ ಯಾವುದು ಹೊಳೆಯಬೇಕು, ಮೊದಲ ಕಂತೋ ಕೊನೆಯ ಕಂತೋ? ಮತ್ತೆ, ಬಡ್ಡಿ 12 ಅಂತ ಬರೆದ ಮೇಲೆ ಇನ್ನೊಂದು 14.41 ಯಾತರದು? ಅದನ್ನು ಅಕ್ಕನಿಗೆ ಅರ್ಥವಾಗುವ ಹಾಗೆ ಯಾವ ಪದದಲ್ಲಿ ಹೇಳಲಿ?

ಬೀದರ್‌ನಿಂದ, ನಿವೃತ್ತ ಕನ್ನಡ ಮೇಷ್ಟ್ರು:

ಒಳ್ಳೆಯ ಪ್ರಶ್ನೆ. ‘ಕೈಗಡ’ದಲ್ಲಿ ಕಡ ಅಂದರೆ ಸಾಲ. ‘ಮುಂಗಡ’ವೂ ಹಾಗೇ, ಮುಂಚೆ ಕೊಟ್ಟ ಕಡ ಅಂತ ನಾನು ಪಾಠ ಮಾಡುತ್ತಿದ್ದೆ. ಅದು ‘ಕಡೆ’, ಅಂದರೆ ದಿಕ್ಕು, ಅಂತ ವಾದಿಸಿದ ಸಹೋದ್ಯೋಗಿಯೂ ಒಬ್ಬರಿದ್ದರು. ಮೂಲ ಯಾವುದೇ ಇರಲಿ, ಬಳಕೆಯಲ್ಲಿ ಮುಂಗಡ ಅಂದರೆ ಕೆಲಸಕ್ಕೆ ಮೊದಲು ಕೊಡುವ ದುಡ್ಡು. ನಮ್ಮ ಹಳ್ಳಿಗಳಲ್ಲಿ ಅದೇ ‘ಪೇಶಗಿ’. ಕೂಲಿಯವನಿಗೆ ಪೇಶಗಿ ಕೊಟ್ಟರೆ ಮೊದಲ ವಾರದ ಕೂಲಿಯಲ್ಲೇ ಮುರಿದುಕೊಳ್ಳುತ್ತೇವೆ, ಕೊನೆಯ ವಾರದಲ್ಲಿ ಅಲ್ಲ. ಹಾಗಾಗಿ ನಿಮ್ಮ ಅಳಿಯ ತಿಳಿದುಕೊಂಡದ್ದೇ ಸರಿ.

ಆದರೆ ಇದರಲ್ಲಿ ನಷ್ಟ ಏನಾಯಿತು ಅಂತ ನನಗೆ ತಿಳಿಯಲಿಲ್ಲ. ಮೊದಲಿಗೆ ಕಟ್ಟಲಿ, ಕೊನೆಗೆ ಕಟ್ಟಲಿ, 24 ಕಂತು 24 ಕಂತೇ. ಒಟ್ಟು 1,12,968. ಬಡ್ಡಿ 12,968, ಫೈಲ್ ಚಾರ್ಜ್ 2,360, ಕೂಡಿಸಿದರೆ 15,328. ವರ್ಷಕ್ಕೆ 7,664. ಅದು ನೂರಕ್ಕೆ ಎಂಟೂ ಬೀಳುವುದಿಲ್ಲ! ಸುಮ್ನೆ ಗಾಬರಿ ಮಾಡಿಕೊಳ್ಳಬೇಡಿ.

ಯಾದಗಿರಿಯಿಂದ, ರೈತರೊಬ್ಬರು:

ನಂದೂ ಇದೇ ಕತೆ. ಟ್ರ್ಯಾಕ್ಟರ್ ತಂದಾಗ ಕೈಯಿಂದ ಒಂದೂವರೆ ಲಕ್ಷ ಮುಂಗಡ ಹಾಕಿದ್ದೆ. ಅದಕ್ಕೆ ಬಡ್ಡಿ ಯಾಕೆ ಕೊಡಲಿಲ್ಲ ಅಂತ ಕೇಳಿದರೆ ಯಾರೂ ಉತ್ತರ ಕೊಡಲಿಲ್ಲ. ನಮ್ಮದು ಆರು ತಿಂಗಳಿಗೊಂದು ಕಿಸ್ತು. ತೊಗರಿ ಮಾರಿದ ಮೇಲೆ ಒಂದು ಕಟ್ಟುತ್ತೇವೆ. ನನ್ನ ದರ ಎಷ್ಟಾಯಿತು ಅಂತ ಯಾರಾದರೂ ಹೇಳ್ತೀರಾ?

ಶಹಾಪುರದಿಂದ, ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು ನಿವೃತ್ತಳಾದವಳು:

ಮೊದಲು ಯಾದಗಿರಿಯ ಅಣ್ಣನವರಿಗೆ. ನೀವು ಕೈಯಿಂದ ಹಾಕಿದ್ದು ಡೌನ್ ಪೇಮೆಂಟ್. ಅದು ಟ್ರ್ಯಾಕ್ಟರಿನ ಬೆಲೆಗೆ ಹೋಯಿತು. ಸಾಲ ಕೊಟ್ಟವರಿಗೂ ಅದಕ್ಕೂ ಸಂಬಂಧವಿಲ್ಲ, ಹಾಗಾಗಿ ಈ ದರದ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ ಮಾತು ಸಾಲದ ಕಂತನ್ನೇ ಮುಂಚೆ ಹಿಡಿದುಕೊಂಡದ್ದರ ಬಗ್ಗೆ. ಎರಡಕ್ಕೂ ‘ಮುಂಗಡ’ ಅನ್ನುವುದರಿಂದಲೇ ಈ ಗೊಂದಲ. ಶೋರೂಮಿನವರೂ ಎರಡನ್ನೂ ಕೂಡಿಸಿ, “ಇವತ್ತು ಇಷ್ಟು ತಗೊಂಡು ಬರ್ರಿ” ಅಂತ ಒಂದೇ ಮೊತ್ತ ಹೇಳಿಬಿಡುತ್ತಾರೆ. ಆ ಮೊತ್ತವನ್ನು ಬಿಡಿಸಿ ಬರೆಸಿಕೊಳ್ಳಬೇಕು.

ಈಗ ಬೈಕಿಗೆ ಬರುತ್ತೇನೆ. ಕಾಗದದಲ್ಲಿ ಲಕ್ಷ ಸಾಲ ಅಂತ ಇದೆ. ಹುಡುಗನಿಗೆ ಮೊದಲ ದಿನ ನಿಜವಾಗಿ ಸಿಕ್ಕಿದ್ದೆಷ್ಟು? ಲಕ್ಷದಲ್ಲಿ ಫೈಲ್ ಚಾರ್ಜ್ 2,360 ಹೋಯಿತು. ಎರಡು ಕಂತು, 9,414, ಅದೇ ದಿನ ವಾಪಸ್ ಹೋಯಿತು. ಉಳಿದದ್ದು 88,226. ಇದಕ್ಕೆ ಅವನು ತಿಂಗಳಿಗೆ 4,707ರಂತೆ 22 ಕಂತು ಕಟ್ಟುತ್ತಾನೆ. ಆದರೆ ಕಂತು ಲೆಕ್ಕ ಹಾಕಿದ್ದು ಪೂರ್ತಿ ಲಕ್ಷ ಅವನ ಹತ್ತಿರ ಇದೆ ಅಂತ ಹಿಡಿದು. ಅವನು ಒಂದು ದಿನವೂ ಬಳಸದ 9,414ಕ್ಕೂ ಬಡ್ಡಿ ಅದರಲ್ಲಿದೆ. ಮೇಷ್ಟ್ರೇ, ರೂಪಾಯಿ ಅಷ್ಟೇ ನಿಜ. ಅದು ಕೈಯಲ್ಲಿದ್ದ ಕಾಲ ಕಡಿಮೆಯಾಯಿತಲ್ಲ?

ಕಂಪ್ಯೂಟರಿನ ಹಾಳೆಯಲ್ಲಿ ಹೀಗೆ ಹಾಕಿ ನೋಡಿ:

```
=RATE(24,-4707,97640)*12
=RATE(22,-4707,88226)*12
```

ಮೊದಲ ಸಾಲು ಫೈಲ್ ಚಾರ್ಜ್ ಮಾತ್ರ ಸೇರಿಸಿದ್ದು. ಉತ್ತರವನ್ನು ಶೇಕಡಾ ರೂಪದಲ್ಲಿ, ಎರಡು ದಶಮಾಂಶದವರೆಗೆ ನೋಡಿದರೆ 14.41 ಬರುತ್ತದೆ, ನಿಮ್ಮ ಕಾಗದದಲ್ಲಿರುವ ಅಂಕಿಯೇ. ಎರಡನೆಯದರಲ್ಲಿ ಮುಂಗಡ ಕಂತೂ ಇದೆ. ಅದು 17.27. ಅಂದರೆ ಕಾಗದ ಮಾಡಿದವರು ಮುಂಗಡ ಕಂತನ್ನು ಲೆಕ್ಕಕ್ಕೇ ಹಿಡಿದಿಲ್ಲ.

ನಿಮ್ಮ ಮೊದಲೋ ಕೊನೆಯೋ ಅನ್ನುವ ಪ್ರಶ್ನೆಗೆ ತೂಕ ಬರುವುದು ಇಲ್ಲಿ. ಆ ಎರಡು ಕಂತು ಮೊದಲ ಎರಡು ತಿಂಗಳಿಗೆ ಜಮೆಯಾಗಿ, ಮೂರನೇ ತಿಂಗಳಿಂದ ಕಟ್ಟುವುದು ಶುರುವಾಗಿದ್ದರೆ ದರ ಸುಮಾರು 14.6 ಆಗುತ್ತಿತ್ತು. ಹೆಚ್ಚು ಕಡಿಮೆ ಕಾಗದದಲ್ಲಿದ್ದಷ್ಟೇ. ಕೊನೆಯ ಎರಡಕ್ಕೆ ಜಮೆ ಅಂದದ್ದಕ್ಕೆ 17 ದಾಟಿತು. ಅದೇ ದುಡ್ಡು, ಅದೇ 24 ಕಂತು. ಜಮೆಯಾಗುವ ಜಾಗ ಮಾತ್ರ ಬೇರೆ.

ಮುಂಗಡ ಕಂತು ಹಿಡಿಯುವುದೇ ತಪ್ಪು ಅಂತಲ್ಲ. ಅದನ್ನು ಲೆಕ್ಕಕ್ಕೆ ತಂದು ಕಂತು ಕಟ್ಟಿದರೆ ಸರಿ. ಎರಡು ಕಂತು ಮೊದಲ ದಿನವೇ ಬರುತ್ತದೆ ಅಂತ ಹಿಡಿದು ಶೇ. 12ರಂತೆ ಲೆಕ್ಕ ಹಾಕಿದ್ದರೆ ಕಂತು 4,617 ಆಗಬೇಕಿತ್ತು. ಇವರು 4,707 ಇಟ್ಟಿದ್ದಾರೆ, ತಿಂಗಳಿಗೆ 90 ಜಾಸ್ತಿ. ಕಂತಿನ ಮೊತ್ತ ಮುಂಗಡ ಇಲ್ಲದ ಸಾಲದ ಕಂತಿನಷ್ಟೇ ಇದ್ದರೆ, ಮುಂಗಡದ ಲಾಭ ಪೂರ್ತಿ ಅವರ ಕಡೆ ಹೋಗಿದೆ ಅಂತ ತಿಳಿಯಿರಿ.

ಕಾಗದದ ಹೆಸರು ‘ಪ್ರಮುಖ ಸಂಗತಿಗಳ ಹೇಳಿಕೆ’ ಅಂತಲೋ ಏನೋ ಇರಬೇಕು, ನಾವು ಕೆಎಫ್‌ಎಸ್ ಅನ್ನುತ್ತಿದ್ದೆವು. ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಅದೇ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಚಿಲ್ಲರೆ ಸಾಲಗಳಿಗೆಲ್ಲ ಅದನ್ನು ಕೊಡಬೇಕು, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ. ಜೊತೆಗೆ ದರ ಲೆಕ್ಕ ಹಾಕಿದ ಹಾಳೆಯೂ ಕಂತಿನ ಪಟ್ಟಿಯೂ ಇರಬೇಕು. ಪಟ್ಟಿಯ ಮೊದಲ ತಾರೀಖು ನೋಡಿ. ಅದು ಮುಂದಿನ ತಿಂಗಳೇ ಇದ್ದು, ಒಟ್ಟು 22 ಸಾಲು ಇದ್ದರೆ ಮುಂಗಡ ಹೋಗಿರುವುದು ಕೊನೆಗೇ. ಇನ್ನು ಬೌನ್ಸ್ ದಂಡ ಈ ದರದಲ್ಲಿ ಸೇರುವುದಿಲ್ಲ, ಅದನ್ನು ಬೇರೆಯೇ ತೋರಿಸುತ್ತಾರೆ.

ಬೀದರ್ ಮೇಷ್ಟ್ರು ಮತ್ತೆ:

ಮೇಡಂ, ಕೈಯಲ್ಲಿದ್ದ ಕಾಲದ ಮಾತು ಒಪ್ಪಿದೆ. ಆದರೆ ನನ್ನ ಎಂಟಕ್ಕೂ ನಿಮ್ಮ ಹದಿನೇಳಕ್ಕೂ ಇಷ್ಟು ಅಂತರವೇ?

ಶಹಾಪುರದಿಂದ:

ಸರ್, ನೀವು ಎರಡೂ ವರ್ಷ ಪೂರ್ತಿ ದುಡ್ಡು ಅವನ ಹತ್ತಿರವೇ ಇತ್ತು ಅಂತ ಹಿಡಿದಿದ್ದೀರಿ. ಪ್ರತಿ ತಿಂಗಳೂ ಅಸಲು ಕರಗುತ್ತದೆ. ಸರಾಸರಿ ನೋಡಿದರೆ ಅರ್ಧದಷ್ಟೇ ಅವನ ಕೈಯಲ್ಲಿರುವುದು. ಹಾಗಾಗಿ ನಿಮ್ಮ ಎಂಟು ಹೆಚ್ಚು ಕಡಿಮೆ ದುಪ್ಪಟ್ಟಾಯಿತು. ಶೋರೂಮಿನಲ್ಲಿ ‘ಫ್ಲ್ಯಾಟ್ ಏಳು, ಫ್ಲ್ಯಾಟ್ ಎಂಟು’ ಅಂತ ಹೇಳುವುದೂ ಇದೇ ಲೆಕ್ಕದಿಂದ.

ಇನ್ನು ಪದದ ಮಾತು. ‘ವಾರ್ಷಿಕ ಶೇಕಡಾವಾರು ದರ’ ತಪ್ಪಲ್ಲ, ಆದರೆ ಅದರಲ್ಲಿ ಜೀವ ಇಲ್ಲ. ಬಡ್ಡಿಯೂ ವಾರ್ಷಿಕವೇ, ಶೇಕಡಾವಾರೇ. ಬೇರೆ ಏನು ಅಂತ ಆ ಪದ ಹೇಳುವುದಿಲ್ಲ. ಕೌಂಟರಿನಲ್ಲಿ ನಾನು ‘ಎಲ್ಲ ಸೇರಿದ ಬಡ್ಡಿ’ ಅನ್ನುತ್ತಿದ್ದೆ. ‘ಬಡ್ಡಿ’ ಅಂದರೆ ಫೈಲ್ ಚಾರ್ಜ್ ಸೇರುವುದಿಲ್ಲ ಅಂತ ನಮ್ಮ ಮ್ಯಾನೇಜರ್ ಆಕ್ಷೇಪ ಎತ್ತುತ್ತಿದ್ದರು. ಅದೂ ಸರಿಯೇ.

ಯಾದಗಿರಿಯಿಂದ:

ನನ್ನ ಟ್ರ್ಯಾಕ್ಟರ್ ದರ ಹೇಳಲೇ ಇಲ್ಲ.

ಶಹಾಪುರದಿಂದ:

ಅಣ್ಣ, ಸಾಲದ ಮೊತ್ತ, ಕಿಸ್ತಿನ ಮೊತ್ತ, ತಾರೀಖು ಕಳಿಸಿ. ಕಿಸ್ತು ಆರು ತಿಂಗಳಿಗೊಮ್ಮೆ ಆದರೆ ಸೂತ್ರದ ಕೊನೆಯಲ್ಲಿ 12ರ ಬದಲು 2ರಿಂದ ಗುಣಿಸಬೇಕು.

ಕಲಬುರಗಿಯಿಂದ, ಪ್ರಶ್ನೆ ಕೇಳಿದವನು:

ಕಂತಿನ ಪಟ್ಟಿ ಹುಡುಕಿದೆ. 22 ಸಾಲು, ಮೊದಲ ತಾರೀಖು ಮುಂದಿನ ತಿಂಗಳ 5. ಮೇಡಂ ಹೇಳಿದ ಹಾಗೇ ಇದೆ. ಸಾಲ ಕೊಟ್ಟವರ ಕಚೇರಿಗೆ ಹೋಗಿ 17.27ರ ಲೆಕ್ಕ ತೋರಿಸಿದೆ. “ಮುಂಗಡ ಕಂತು ಶುಲ್ಕ ಅಲ್ಲ, ನಿಮ್ಮ ಕಂತೇ. ಅದನ್ನು ದರದಲ್ಲಿ ಯಾಕೆ ಸೇರಿಸಬೇಕು?” ಅಂದರು. ಶುಲ್ಕ ಅಲ್ಲ ಅನ್ನುವುದು ನಿಜ, ಆದರೆ ಕೈಗೆ ಬಂದ ದುಡ್ಡು ಕಡಿಮೆಯಾದದ್ದೂ ನಿಜ ಅಲ್ವಾ? ಬರೆದು ಕೊಟ್ಟು, ಸ್ವೀಕೃತಿ ತೆಗೆದುಕೊಂಡು ಬಂದೆ. ಉತ್ತರ ಇನ್ನೂ ಬಂದಿಲ್ಲ.

ಪದಗಳಲ್ಲಿ ಮೊದಲನೆಯದಕ್ಕೆ ‘ಕೊನೆಗೆ ಜಮೆಯಾಗುವ ಕಂತು’ ಅಂತ ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೇನೆ. ಉದ್ದವಾಯಿತು, ಗಿಡ್ಡದ್ದು ಸಿಕ್ಕರೆ ಹೇಳಿ. ಎರಡನೆಯದಕ್ಕೆ ಪದ ಸಿಗಲಿಲ್ಲ. ಅಕ್ಕನಿಗೆ 17.27 ಅಂದರೆ ತಲೆಗೆ ಹೋಗಲಿಲ್ಲ. ಅದನ್ನೇ ಹನ್ನೆರಡರಿಂದ ಭಾಗಿಸಿ, “ನೂರಕ್ಕೆ ಒಂದು ರೂಪಾಯಿ ಬಡ್ಡಿ ಅಂದಿದ್ದರು, ಒಂದು ರೂಪಾಯಿ ನಲವತ್ತನಾಲ್ಕು ಪೈಸೆ ಬಿತ್ತು” ಅಂದೆ. ಕೂಡಲೇ ಅವಳು, “ನಮ್ಮ ಸಂಘದಾಗ ಒಂದೂವರೆ ಅದ, ಫೈಲ್ ಚಾರ್ಜೂ ಇಲ್ಲ. ಅಲ್ಲೇ ತೊಗೋಬಹುದಿತ್ತಲ್ಲೋ” ಅಂತ ಮಗನ ಕಡೆ ತಿರುಗಿದಳು.