ವಿಷಯ: ‘ಸ್ವಚ್ಛ ಬ್ಯಾಕಪ್’, ‘ಮರುಸ್ಥಾಪನೆ’ – ಈ ಎರಡು ಪದಗಳ ಬಗ್ಗೆ

ಬಳಗದವರಿಗೆ ನಮಸ್ಕಾರ.

ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್ ದಾಳಿಯಾದಾಗ ಸಣ್ಣ ಕಚೇರಿಯವರು ಏನು ಮಾಡಬೇಕು ಎಂಬ ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಒಂದು ವಾಕ್ಯ ಮೂರು ದಿನದಿಂದ ಕಾಡುತ್ತಿದೆ. ಈಗಿರುವ ರೂಪ ಇದು: “ಹಣ ಕೊಡದೆ, ಸ್ವಚ್ಛ ಬ್ಯಾಕಪ್‌ನಿಂದ ಮರುಸ್ಥಾಪಿಸಿ.”

ಲೆಕ್ಕಪತ್ರ ನೋಡಿಕೊಳ್ಳುವ ಒಬ್ಬರಿಗೆ ಇದನ್ನು ಓದಲು ಕೊಟ್ಟೆ. “ಅಂದರೆ ಬ್ಯಾಕಪ್ ಡಿಸ್ಕನ್ನು ಮೊದಲು ಕಂಪ್ಯೂಟರಿಗೆ ಸಿಕ್ಕಿಸಿ, ಆಂಟಿವೈರಸ್ ಓಡಿಸಿ ಸ್ವಚ್ಛ ಮಾಡಬೇಕು, ಅಲ್ಲವೇ?” ಎಂದರು. ಎದೆ ಧಸಕ್ಕೆಂದಿತು. ಸೋಂಕು ತಗುಲಿದ ಕಂಪ್ಯೂಟರಿಗೆ ಆ ಡಿಸ್ಕನ್ನು ಸಿಕ್ಕಿಸಿದರೆ ಉಳಿದಿದ್ದ ಒಂದೇ ಪ್ರತಿಗೂ ಬೀಗ ಬೀಳಬಹುದು. ತಪ್ಪು ಅವರದಲ್ಲ, ನನ್ನ ವಾಕ್ಯದ್ದು. ‘ಸ್ವಚ್ಛ’ದ ಬದಲು ಏನು ಬಳಸಲಿ?

– ಕೈಪಿಡಿಯವಳು

*

ಮೇಡಂ, ‘ಮಡಿ’ ಎಂಬ ಪದ ನಮ್ಮಲ್ಲೇ ಇದೆಯಲ್ಲ! ಯಾರೂ ಮುಟ್ಟದಂತೆ ಬೇರೆಯಾಗಿ ಇಟ್ಟದ್ದು ಮಡಿ. ಜಾಲಕ್ಕೆ ಸೇರಿಸದೆ ಬೀರುವಿನಲ್ಲಿಟ್ಟ ಡಿಸ್ಕಿಗೆ ಇದಕ್ಕಿಂತ ಒಪ್ಪುವ ಪದ ಸಿಗಲಾರದು. ‘ಮಡಿಪ್ರತಿ’ ಎನ್ನಿ. ಎರಡೇ ಉಸಿರಿನಲ್ಲಿ ಮುಗಿಯುತ್ತದೆ.

– ಹಳೆಯ ಮೇಷ್ಟರು

*

ಮೇಷ್ಟರೇ, ಪದ ಚುರುಕಾಗಿದೆ, ಆದರೆ ಅದರ ಬೆನ್ನಿಗೆ ಮೈಲಿಗೆಯೂ ಬರುತ್ತದೆ. ಯಾರು ಯಾರನ್ನು ಮುಟ್ಟಬಾರದು ಎಂಬ ಲೆಕ್ಕವನ್ನು ಕಂಪ್ಯೂಟರ್ ಕೈಪಿಡಿಗೆ ತರುವುದು ನನಗೆ ಇಷ್ಟವಿಲ್ಲ. ಇನ್ನೊಂದು ತೊಡಕು: ಕೆಟ್ಟ ಮಡಿಯನ್ನು ಮಿಂದು ಮತ್ತೆ ಪಡೆಯಬಹುದು. ಬೀಗ ಬಿದ್ದ ಪ್ರತಿಯನ್ನು ಎಷ್ಟು ತೊಳೆದರೂ ಅದು ಓದುವಂತಾಗುವುದಿಲ್ಲ. ಲೆಕ್ಕದವರು ಎಡವಿದ್ದೂ ಅಲ್ಲೇ ಅಲ್ಲವೇ?

– ಪದಹುಳು

*

ಇಷ್ಟೆಲ್ಲ ಏಕೆ? ಕಡತದ ಮೇಲೆ ಬಲಗುಂಡಿ ಒತ್ತಿದರೆ ‘ಹಿಂದಿನ ಆವೃತ್ತಿಗಳು’ ಎಂದು ಬರುತ್ತದೆ. ನಿನ್ನೆಯದನ್ನು ಆರಿಸಿದರೆ ಮುಗಿಯಿತು. ನಾನು ಹಲವು ಸಲ ಮಾಡಿದ್ದೇನೆ. ಇನ್ನು ಮರುಸ್ಥಾಪನೆ ಎಂದರೆ ಫೋನ್ ಕೊಂಡಾಗ ಇದ್ದ ಸ್ಥಿತಿಗೆ ಒಯ್ಯುವುದು. ಕಳೆದ ತಿಂಗಳು ಹಾಗೆ ಮಾಡಿ ನನ್ನ ಚಿತ್ರಗಳೆಲ್ಲ ಹೋದವು. ಅವನ್ನು ಮರಳಿ ಪಡೆಯುವ ದಾರಿ ಯಾರಿಗಾದರೂ ಗೊತ್ತೇ?

– ನಿತ್ಯ ಓದುಗ

*

ನಿತ್ಯ ಓದುಗರ ಚಿತ್ರಗಳಿಗೆ ಬೇರೆಯೇ ಪತ್ರ ಬೇಕು. ‘ಹಿಂದಿನ ಆವೃತ್ತಿ’ಯ ಮಾತು ಅರ್ಧ ಸರಿ. ಕಡತವನ್ನು ನಾವೇ ಕೆಡಿಸಿಕೊಂಡಾಗ ಅದು ಕೈ ಹಿಡಿಯುತ್ತದೆ. ಆದರೆ ಆ ಆವೃತ್ತಿಗಳು ಸಾಮಾನ್ಯವಾಗಿ ಅದೇ ಕಂಪ್ಯೂಟರಿನಲ್ಲೇ ಇರುತ್ತವೆ, ದಾಳಿಕೋರರಿಗೂ ಅದು ಗೊತ್ತು. ಬೀಗ ಹಾಕುವ ಹೊತ್ತಿಗೆ ಅನೇಕ ರಾನ್ಸಮ್‌ವೇರ್‌ಗಳು ಅವನ್ನು ಅಳಿಸಿಹಾಕುವ ವಿಂಡೋಸ್‌ನ ಈ ಆದೇಶವನ್ನು ಓಡಿಸುತ್ತವೆ:

```
vssadmin delete shadows /all /quiet
```

ಅದರ ನಂತರ ಬಲಗುಂಡಿ ಒತ್ತಿದರೆ ಪಟ್ಟಿ ಖಾಲಿ.

ಮೇಡಂ, ನಾನು ಸರ್ವರ್ ಕಾಯುವ ಕೆಲಸದವನು, ವ್ಯಾಕರಣ ನನ್ನ ಕ್ಷೇತ್ರವಲ್ಲ. ಆದರೂ ‘ಸ್ವಚ್ಛ’ದೊಳಗೆ ಎರಡು ಬೇರೆ ಪ್ರಶ್ನೆಗಳು ಅಡಗಿವೆ ಎಂದು ಅನುಭವದಿಂದ ಹೇಳಬಲ್ಲೆ. ನಾನು ಕೈಹಾಕಿದ ಒಂದು ಪ್ರಕರಣದಲ್ಲಿ ಶುಕ್ರವಾರ ರಾತ್ರಿ 11.40ಕ್ಕೆ ಬೀಗ ಬಿದ್ದಿತ್ತು. ಪ್ರತಿದಿನ ನಸುಕಿನ 1 ಗಂಟೆಗೆ, ಹಿಂದಿನ ದಿನದಿಂದ ಬದಲಾದ ಕಡತಗಳಷ್ಟನ್ನೇ ಬ್ಯಾಕಪ್ ತೆಗೆಯುವ ಏರ್ಪಾಡಿತ್ತು. ದಿನಾ ಸುಮಾರು 3 ಜಿಬಿ ಇರುತ್ತಿದ್ದದ್ದು ಶನಿವಾರ ನಸುಕಿಗೆ 210 ಜಿಬಿ ಆಗಿತ್ತು. ಬೀಗ ಬಿದ್ದ ಪ್ರತಿಯೊಂದು ಕಡತವೂ ‘ಬದಲಾದ ಕಡತ’ವಾಗಿ ಎಣಿಕೆಯಾಗಿತ್ತು, ಮೇಲಾಗಿ ಬೀಗ ಬಿದ್ದದ್ದನ್ನು ಕುಗ್ಗಿಸಲೂ ಆಗುವುದಿಲ್ಲ. ಕಡತ ತೆರೆದು ನೋಡುವ ಮೊದಲೇ ಆ ಸಂಖ್ಯೆ ಕಥೆ ಹೇಳಿತು. ಶನಿವಾರದ ಪ್ರತಿ ನಿಷ್ಪ್ರಯೋಜಕ.

ಶುಕ್ರವಾರ ನಸುಕಿನ ಪ್ರತಿಯನ್ನು ಜಾಲದಿಂದ ಬಿಡಿಸಿದ ಬೇರೊಂದು ಯಂತ್ರದಲ್ಲಿ, ಬರೆಯಲು ಬಾರದಂತೆ, ಓದಲಷ್ಟೇ ತೆರೆದೆವು. ಪಿಡಿಎಫ್‌ಗಳ ಮೊದಲ ನಾಲ್ಕು ಅಕ್ಷರ `%PDF` ಎಂದೇ ಇದ್ದವು. ಅಷ್ಟಕ್ಕೇ ನಂಬಲಿಲ್ಲ, ಏಕೆಂದರೆ ಕೆಲವು ರಾನ್ಸಮ್‌ವೇರ್‌ಗಳು ಕಡತದ ಅಲ್ಲಲ್ಲಿ ಮಾತ್ರ ಕೆಡಿಸುತ್ತವೆ. ಒಂದೊಂದು ಫೋಲ್ಡರಿನಿಂದ ಕೆಲವನ್ನು ತೆರೆದು ಕೊನೆಯ ಪುಟದವರೆಗೂ ನೋಡಿದೆವು. ಎಲ್ಲ ಸರಿಯಿತ್ತು.

ಹಾಗಾದರೆ ಅದು ಸ್ವಚ್ಛವೇ? ಬೀಗದ ಮಟ್ಟಿಗೆ ಹೌದು. ಆದರೆ ದಾಖಲೆಗಳನ್ನು ತಿರುವಿದಾಗ ಯಾರೂ ಮಾಡಿರದ ಒಂದು ಬಳಕೆದಾರ ಖಾತೆ ಸಿಕ್ಕಿತು. ಅದು ಹುಟ್ಟಿದ್ದು ಬೀಗ ಬೀಳುವ 12 ದಿನ ಮೊದಲು. ಕಳ್ಳ ಅಷ್ಟೂ ದಿನ ಮನೆಯೊಳಗೇ ಇದ್ದ. ಶುಕ್ರವಾರದ ಪ್ರತಿಯಿಂದ ಇಡೀ ಕಂಪ್ಯೂಟರನ್ನು ಹಿಂದಕ್ಕೆ ತಂದಿದ್ದರೆ ಅವನ ಖಾತೆಯೂ ಜೊತೆಗೇ ಬರುತ್ತಿತ್ತು.

ಆದ್ದರಿಂದ ಕಾರ್ಯಾಚರಣಾ ವ್ಯವಸ್ಥೆಯನ್ನು ಬ್ಯಾಕಪ್‌ನಿಂದ ತರಲೇ ಇಲ್ಲ. ಹೊಸ ಡಿಸ್ಕಿಗೆ ಮೂಲ ಪ್ರತಿಯಿಂದ ಹಾಕಿ, ಭದ್ರತಾ ತೇಪೆಗಳನ್ನು ಹಚ್ಚಿ, ಎಲ್ಲ ಪಾಸ್‌ವರ್ಡ್ ಬದಲಿಸಿದೆವು. ಆಮೇಲೆ ಶುಕ್ರವಾರದ ಪ್ರತಿಯಿಂದ ಪತ್ರ, ಲೆಕ್ಕ, ಚಿತ್ರಗಳನ್ನು ಮಾತ್ರ ತಂದೆವು. ಪ್ರೋಗ್ರಾಮ್‌ಗಳಲ್ಲಿ ಒಂದನ್ನೂ ತೆಗೆದುಕೊಳ್ಳಲಿಲ್ಲ. ನಷ್ಟವಾದದ್ದು ಶುಕ್ರವಾರ ಒಂದು ದಿನದ ಕೆಲಸ. ಅದನ್ನು ಕಾಗದ ನೋಡಿ ಮತ್ತೆ ಟೈಪ್ ಮಾಡಿದರು.

– ಸರ್ವರ್ ಕಾವಲುಗಾರ

*

ಕಾವಲುಗಾರರೇ, ವ್ಯಾಕರಣ ಗೊತ್ತಿಲ್ಲ ಎಂದು ಹೇಳಿಕೊಂಡೇ ನೀವು ಅರ್ಥಭೇದ ಬಿಡಿಸಿಟ್ಟಿರಿ. ‘ಬೀಗ ಬೀಳದ’ ಪ್ರತಿ ಒಂದು, ‘ಸೋಂಕು ತಗುಲದ’ ಪ್ರತಿ ಇನ್ನೊಂದು. ಒಂದರ ಗಡಿ ಶುಕ್ರವಾರ ರಾತ್ರಿ, ಇನ್ನೊಂದರದು 12 ದಿನ ಹಿಂದೆ. ‘ಸ್ವಚ್ಛ’ ಎಂದರೆ ಎರಡೂ ಗಡಿಗಳು ಅಳಿಸಿಹೋಗುತ್ತವೆ.

‘ಮರುಸ್ಥಾಪಿಸಿ’ ಕೂಡ ಇದೇ ತಪ್ಪು ಮಾಡುತ್ತಿದೆ. ತಂತ್ರಾಂಶದ ಬಳಕೆಯಲ್ಲಿ ಸ್ಥಾಪಿಸುವುದೆಂದರೆ ಹೊಸದಾಗಿ ಹಾಕುವುದು, ಹಾಗಾಗಿ ಮರುಸ್ಥಾಪನೆ ಎಂದರೆ ಇನ್ನೊಮ್ಮೆ ಹಾಕುವುದು. ನಮ್ಮ ಕೈಪಿಡಿಗಳಲ್ಲಿ ಬ್ಯಾಕಪ್‌ನಿಂದ ಹಿಂದಕ್ಕೆ ತರುವುದಕ್ಕೂ ಅದೇ ಪದ ಓಡಾಡುತ್ತಿದೆ. ಇಲ್ಲಿ ವ್ಯವಸ್ಥೆಯನ್ನು ಹೊಸದಾಗಿ ಹಾಕಬೇಕು, ಕಡತಗಳನ್ನು ಹಳೆಯದರಿಂದ ತರಬೇಕು. ವಿರುದ್ಧವಾದ ಎರಡು ಕೆಲಸಗಳಿಗೆ ಒಂದೇ ಕ್ರಿಯಾಪದ!

– ಪದಹುಳು

*

ಮಡಿಯನ್ನು ಹಿಂದಕ್ಕೆ ತೆಗೆದುಕೊಂಡೆ. ಆದರೂ ‘ಸೋಂಕು ತಗುಲದ’ ಎಂಬುದು ಆಸ್ಪತ್ರೆಯ ವಾಸನೆ ಹೊಡೆಯುತ್ತದೆ.

– ಹಳೆಯ ಮೇಷ್ಟರು

*

ಎಲ್ಲರಿಗೂ ವಂದನೆ. ವಾಕ್ಯವನ್ನು ಹೀಗೆ ಒಡೆದಿದ್ದೇನೆ:

“ಕಂಪ್ಯೂಟರಿನ ವ್ಯವಸ್ಥೆಯನ್ನು ಮೂಲ ಪ್ರತಿಯಿಂದ ಹೊಸದಾಗಿ ಹಾಕಿ. ಬೀಗ ಬೀಳುವ ಮೊದಲು ತೆಗೆದ ಬ್ಯಾಕಪ್ಪನ್ನು ಸೋಂಕಿಲ್ಲದ ಬೇರೆ ಯಂತ್ರದಲ್ಲಿ ತೆರೆದು ಪರೀಕ್ಷಿಸಿ, ಅದರಿಂದ ನಿಮ್ಮ ಕಡತಗಳನ್ನಷ್ಟೇ ಮರಳಿ ತನ್ನಿ. ಹಳೆಯ ಡಿಸ್ಕನ್ನು ತೆಗೆದುಹಾಕಿ.”

ಲೆಕ್ಕದವರಿಗೆ ಮತ್ತೆ ಓದಿಸಿದೆ. ಈ ಸಲ “ಬೇರೆ ಯಂತ್ರ ಎಲ್ಲಿಂದ ತರಲಿ?” ಎಂದು ಕೇಳಿದರು. ಸರಿಯಾದ ಪ್ರಶ್ನೆ!

– ಕೈಪಿಡಿಯವಳು

*

ಮೇಡಂ, ಕೊನೆಯ ವಾಕ್ಯ ಅಪಾಯಕಾರಿ. ‘ತೆಗೆದುಹಾಕಿ’ ಎಂದರೆ ಅಳಿಸಿಬಿಡುತ್ತಾರೆ. ಬೀಗ ಬಿದ್ದ ಡಿಸ್ಕನ್ನು ಹಾಗೆಯೇ ಇಡಬೇಕು. ತನಿಖೆಗೂ ಅದು ಬೇಕು, ಮುಂದೆ ಕೀಲಿ ಸಿಗುವುದೂ ಉಂಟು. ಯುರೋಪೋಲ್, ನೆದರ್ಲೆಂಡ್ಸ್ ಪೊಲೀಸರು ಮತ್ತು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರಾನ್ಸಮ್’ ತಾಣದಲ್ಲಿ ಕೆಲವು ರಾನ್ಸಮ್‌ವೇರ್‌ಗಳ ಬೀಗ ಬಿಚ್ಚುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಎಲ್ಲದಕ್ಕೂ ಇಲ್ಲ. ‘ತೆಗೆದಿಡಿ’ ಎಂದು ಬರೆಯಿರಿ.

– ಸರ್ವರ್ ಕಾವಲುಗಾರ

*

‘ತೆಗೆದಿಡಿ’ ಎಂದರೂ ಗಾಬರಿಯಲ್ಲಿರುವವರು ಮೊದಲರ್ಧವನ್ನಷ್ಟೇ ಓದಿಯಾರು. ‘ಅಳಿಸದೆ ಎತ್ತಿಡಿ’ ಹೇಗೆ?

– ಪದಹುಳು