ಹತ್ತರ ಗೆರೆ ಇಪ್ಪತ್ತನ್ನು ದಾಟಿದೆ, ಕೊಳ್ಳಬೇಕಾ? – ಗುಂಪಿನ ಪ್ರಶ್ನೋತ್ತರ

ರೂಪಾ: ಮೇಡಂ, ನಾನು ನೋಡುತ್ತಿರುವ ಶೇರು ಹತ್ತು ದಿನದ ಹಿಂದೆ ಒಂದೇ ದಿನ 100ರಿಂದ 90ಕ್ಕೆ ಬಿತ್ತು. ಮರುದಿನವೇ ವಾಪಸ್ 100. ಅದಕ್ಕೂ ಮೊದಲು 100ರ ಆಸುಪಾಸು, ಆಮೇಲೂ ಅಲ್ಲೇ ಕೂತಿದೆ. ಇವತ್ತು ಬೆಲೆ ಅಲ್ಲಾಡಿಲ್ಲ, ಆದರೂ 10 ದಿನದ ಸರಾಸರಿ 20 ದಿನದ್ದನ್ನು ದಾಟಿ ಬೈ ಸಿಗ್ನಲ್ ಕೊಟ್ಟಿದೆ. ನಂಬಬಹುದಾ?

ಸುಮತಿ (ಉತ್ತರಿಸುವವರು): ಒಳ್ಳೆಯ ಉದಾಹರಣೆ ಸಿಕ್ಕಿದೆ ನಿಮಗೆ. ನಂಬಬೇಡಿ. ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ, ಎಲ್ಲ ದಿನವೂ ಸರಿಯಾಗಿ 100 ಅಂತಲೇ ಇಟ್ಟುಕೊಳ್ಳಿ.

90 ಇದ್ದ ಆ ಒಂದು ದಿನ ನಿನ್ನೆಯವರೆಗೆ ಹತ್ತರ ಸರಾಸರಿಯ ಒಳಗಿತ್ತು. ಹಾಗಾಗಿ ಹತ್ತರದ್ದು 99, ಇಪ್ಪತ್ತರದ್ದು 99.5. ಅಂದರೆ ಚಿಕ್ಕದು ಕೆಳಗೆ. ಇವತ್ತು ಹೊಸದಾಗಿ ಬಂದಿದ್ದು 100, ಹೊರಗೆ ಹೋಗಿದ್ದು ಆ 90. ಹತ್ತರದ್ದು 100ಕ್ಕೆ ಹಾರಿತು. ಇಪ್ಪತ್ತರ ಒಳಗೆ 90 ಇನ್ನೂ ಇರುವುದರಿಂದ ಅದು 99.5ರಲ್ಲೇ ಉಳಿಯಿತು. ಕ್ರಾಸ್ ಆಯಿತು. ಇವತ್ತು ಯಾರೂ ಹೆಚ್ಚಿಗೆ ಕೊಳ್ಳಲಿಲ್ಲ, ಹತ್ತು ದಿನದ ಹಿಂದಿನ ಬೆಲೆಯೊಂದು ಪಟ್ಟಿಯಿಂದ ಜಾರಿತು, ಅಷ್ಟೇ.

ಇದನ್ನು ಇನ್ನೊಂದು ಥರ ನೋಡಿ. ಇಪ್ಪತ್ತು ದಿನ ಅಂದರೆ ಈಚಿನ ಹತ್ತು ಮತ್ತು ಅದರ ಹಿಂದಿನ ಹತ್ತು. ಹತ್ತರದ್ದು ಇಪ್ಪತ್ತರದ್ದಕ್ಕಿಂತ ಮೇಲಿದೆ ಅಂದರೆ, ಈಚಿನ ಹತ್ತು ದಿನದ ಸರಾಸರಿ ಅದರ ಹಿಂದಿನ ಹತ್ತು ದಿನದ್ದಕ್ಕಿಂತ ಜಾಸ್ತಿ. ಇದಕ್ಕಿಂತ ಒಂದಕ್ಷರವೂ ಹೆಚ್ಚು ಹೇಳುವುದಿಲ್ಲ ಆ ಸಿಗ್ನಲ್. ನಾಳೆ ಬಗ್ಗೆ ಅಂತೂ ಏನೂ ಇಲ್ಲ. ಕ್ರಾಸ್ ಕಂಡ ದಿನ ಹೊಸದಾಗಿ ಬಂದ ಬೆಲೆ ಯಾವುದು, ಬಿಟ್ಟು ಹೋದ ಬೆಲೆ ಯಾವುದು, ಎರಡನ್ನೂ ನೋಡಿ. ಬಿಟ್ಟು ಹೋದದ್ದೇ ಕೆಲಸ ಮಾಡಿದ್ದರೆ ಅದು ಹಳೆಯ ಸುದ್ದಿ.

ಕಿರಣ್: ಅದಕ್ಕೇ ಸಿಂಪಲ್ ಆವರೇಜ್ ಬಿಟ್ಟು ಇಎಂಎ, ಅಂದರೆ ಈಚಿನ ಬೆಲೆಗೆ ಹೆಚ್ಚು ತೂಕ ಕೊಡೋ ಆವರೇಜ್ ಹಾಕ್ಬೇಕು ರೂಪಾ ಅವರೇ. ಅದರಲ್ಲಿ ಹಳೆಯ ಬೆಲೆ ಹೀಗೆ ದಢಕ್ಕನೆ ಜಾರಿ ಹೋಗಲ್ಲ. ಲ್ಯಾಗ್ ಕೂಡ ಇರಲ್ಲ. ಈ ಸಮಸ್ಯೆನೇ ಬರಲ್ಲ.

ಸುಮತಿ: ಜಾರಿ ಹೋಗಲ್ಲ ಅನ್ನೋದು ಸರಿ. ಉಳಿದದ್ದು ತಪ್ಪು. ರೂಪಾ ಅವರ ಅದೇ ಬೆಲೆಗಳಿಗೆ 10 ಮತ್ತು 20ರ ಇಎಂಎ ಹಾಕಿ. ಬಿದ್ದ ದಿನ ಹತ್ತರದ್ದು ಸುಮಾರು 98.2ಕ್ಕೆ ಇಳಿಯುತ್ತದೆ, ಇಪ್ಪತ್ತರದ್ದು 99ಕ್ಕೆ. ಆಮೇಲೆ ಎರಡೂ ನಿಧಾನಕ್ಕೆ 100ರ ಕಡೆ ಏರುತ್ತವೆ, ಹತ್ತರದ್ದು ಬೇಗ. ಏಳನೇ ದಿನ ಅದು ಇಪ್ಪತ್ತರದ್ದನ್ನು ದಾಟುತ್ತದೆ. ಬೆಲೆ ಆ ಏಳೂ ದಿನ 100ರಲ್ಲೇ ಇದೆ! ಅಂದರೆ ಅದೇ ಸುಳ್ಳು ಸಿಗ್ನಲ್ ಮೂರು ದಿನ ಮೊದಲೇ ಬಂತು. ದಾಟಿದಾಗ ಎರಡರ ನಡುವಿನ ಅಂತರ 0.03 ಮಾತ್ರ. ಚಾರ್ಟಿನಲ್ಲಿ ಬಾಣದ ಗುರುತು ಮಾತ್ರ ಬೇರೆ ಸಿಗ್ನಲ್‌ಗೆ ಎಷ್ಟು ದೊಡ್ಡದೋ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಲ್ಯಾಗ್ ಬಗ್ಗೆ: ಬೆಲೆ ಒಂದೇ ವೇಗದಲ್ಲಿ ಏರುತ್ತಿದ್ದರೆ 20ರ ಸಿಂಪಲ್ ಆಗಲಿ ಇಎಂಎ ಆಗಲಿ, ಕೊನೆಗೆ ಎರಡೂ ಒಂಬತ್ತೂವರೆ ದಿನ ಹಿಂದೆಯೇ ಇರುತ್ತವೆ. ಬೆಲೆ ತಿರುಗಿದಾಗ ಇಎಂಎ ಬೇಗ ಬಾಗುತ್ತದೆ, ಅಷ್ಟು ಒಪ್ಪುತ್ತೇನೆ.

ಕಿರಣ್: ಬೇಗ ಬಾಗೋದೇ ತಾನೇ ಬೇಕಾಗಿರೋದು?

ವಿನಯ್: ಬೇಗ ಬಾಗಿದರೆ ಬೇಗ ಮೋಸವೂ ಹೋಗ್ತೀಯಲ್ಲ ಬ್ರೋ, ಈಗ ತಾನೇ ಲೆಕ್ಕ ತೋರಿಸಿದರಲ್ಲ.

ಮಂಜು: 9-21 ಒಳ್ಳೆಯದಾ 20-50 ಒಳ್ಳೆಯದಾ?

ಸುಮತಿ: ಯಾವ ಉದ್ದದ ಏರಿಳಿತ ಹಿಡಿಯಬೇಕು ಅಂತ ಮೊದಲು ಹೇಳಿ.

ಬಸವರಾಜ್: ಮೇಡಂ ನಾನು 10-20 ಕ್ರಾಸ್ ಮೇಲೆ ಮಾತ್ರ ಟ್ರೇಡ್ ಮಾಡ್ತೀನಿ. ಸತತ ನಾಲ್ಕು ಸಲ ನಷ್ಟ. ಪ್ರತಿ ಸಲ ಹಿಂದಿನದರ ಎರಡು ಪಟ್ಟು ಹಾಕಿದ್ದೀನಿ. ಈಗ ಮತ್ತೆ ಕ್ರಾಸ್ ಬಂದಿದೆ. ನಾಲ್ಕು ಸಲ ಫೇಲ್ ಆದಮೇಲೆ ಐದನೆಯದು ದೊಡ್ಡ ಟ್ರೆಂಡ್ ಆಗಲೇಬೇಕಲ್ವಾ? ಕೊಂಡಾಗ ಬೆಲೆ 111 ಹತ್ತಿರ ಇರುತ್ತೆ, ಮಾರುವಾಗ 104. ಶೇರು 100 ಮತ್ತು 115ರ ನಡುವೆ ಓಡಾಡ್ತಿದೆ.

ಸುಮತಿ: ಬಸವರಾಜ್ ಅವರೇ, ಐದನೆಯದು ಹಾಕುವ ಮೊದಲು ಇದನ್ನು ಪೂರ್ತಿ ಓದಿ. ನಿಮ್ಮ ಪ್ರಶ್ನೆ ನೋಡಿ ನಿಜಕ್ಕೂ ಚಿಂತೆಯಾಯಿತು.

ನಿಮ್ಮ ಶೇರು ದಿನಕ್ಕೆ ಒಂದೊಂದು ಅಂಕ ಏರಿ 115 ಮುಟ್ಟುತ್ತದೆ, ಹಾಗೆಯೇ ದಿನಕ್ಕೊಂದು ಇಳಿದು 100ಕ್ಕೆ ಬರುತ್ತದೆ ಅಂತ ಇಟ್ಟುಕೊಳ್ಳಿ. 100ರಲ್ಲಿ ತಿರುಗಿದ ದಿನವನ್ನು ಸೊನ್ನೆ ಅನ್ನೋಣ. ಒಂಬತ್ತನೇ ದಿನ ಹತ್ತರ ಸರಾಸರಿ 104.5, ಇಪ್ಪತ್ತರದ್ದು 105. ಇನ್ನೂ ಕ್ರಾಸ್ ಇಲ್ಲ. ಹತ್ತನೇ ದಿನ ಹತ್ತರದ್ದು 105.5 ಆಗುತ್ತದೆ, ಇಪ್ಪತ್ತರದ್ದು 105ರಲ್ಲೇ. ಈಗ ಕ್ರಾಸ್. ಅಷ್ಟರಲ್ಲಿ ಬೆಲೆ 110. ಮುಕ್ತಾಯದ ಬೆಲೆ ನೋಡಿ ಮರುದಿನ ಕೊಂಡರೆ 111. ಅದೇ ರೀತಿ 115ರಲ್ಲಿ ತಿರುಗಿದ ಮೇಲೆ ಹತ್ತು ದಿನಕ್ಕೆ ಕೆಳಗಿನ ಕ್ರಾಸ್, ಆಗ 105, ಮಾರುವಾಗ 104. ನೀವು ಹೇಳಿದ ಸಂಖ್ಯೆಗಳೇ ಬಂದವು ನೋಡಿ. ಪ್ರತಿ ಸುತ್ತಿಗೂ 7 ನಷ್ಟ. ನಿಮ್ಮ ಅದೃಷ್ಟ ಕೆಟ್ಟಿಲ್ಲ. ಈ ಉದ್ದದ ಏರಿಳಿತದಲ್ಲಿ ಈ ಜೋಡಿ ನಷ್ಟವನ್ನೇ ಕೊಡುತ್ತದೆ.

ಮೇಲೆ ತಿರುಗಿದ ಮೇಲೆ ಹತ್ತು ದಿನ, ಕೆಳಗೆ ತಿರುಗಿದ ಮೇಲೆ ಹತ್ತು ದಿನ ತಡ. ಏರಿಕೆ ಇಪ್ಪತ್ತು ದಿನ ಬಾಳಿದರೂ 111ಕ್ಕೆ ಕೊಂಡು 109ಕ್ಕೆ ಮಾರುತ್ತೀರಿ. ಮೂವತ್ತು ದಿನ ಏರಿ 130 ಮುಟ್ಟಿದರೆ 111ಕ್ಕೆ ಕೊಂಡು 119ಕ್ಕೆ ಮಾರಿ 8 ಉಳಿಸುತ್ತೀರಿ, ಮೂವತ್ತು ಅಂಕದ ಏರಿಕೆಯಲ್ಲಿ. ನಿಜವಾದ ಬೆಲೆ ಇಷ್ಟು ನೆಟ್ಟಗೆ ಹೋಗುವುದಿಲ್ಲ, ಆದರೆ ತಡದ ಲೆಕ್ಕ ಹೆಚ್ಚು ಕಡಿಮೆ ಇದೇ.

ಈಗ ನಿಮ್ಮ ದುಪ್ಪಟ್ಟಿನ ಲೆಕ್ಕ. 1, 2, 4, 8 ಪಟ್ಟು ಹಾಕಿ ಪ್ರತಿಯೊಂದಕ್ಕೂ 7 ಕಳೆದರೆ 105 ಹೋಗಿದೆ. ಐದನೆಯದು 16 ಪಟ್ಟು. ಮೂವತ್ತು ಅಂಕದ ಏರಿಕೆ ಬಂದೇಬಿಟ್ಟರೆ 128 ಬರುತ್ತದೆ, ಹಳೆಯ ನಷ್ಟ ಕಳೆದು ಕೈಗೆ 23. ಬರದಿದ್ದರೆ ಒಟ್ಟು ನಷ್ಟ 217, ಆರನೆಯದಕ್ಕೆ 32 ಪಟ್ಟು ಬೇಕು. ಮಾರ್ಕೆಟ್‌ಗೆ ನಿಮ್ಮ ನಾಲ್ಕು ನಷ್ಟದ ನೆನಪಿಲ್ಲ. ಆ ನಾಲ್ಕು ನಷ್ಟ ಹೇಳುತ್ತಿರುವುದು ಒಂದೇ, ಶೇರು ಇನ್ನೂ 100 ಮತ್ತು 115ರ ನಡುವೆಯೇ ಓಡಾಡುತ್ತಿದೆ. ಐದನೆಯದನ್ನು ಹಾಕಬೇಡಿ. ಹಾಕಲೇಬೇಕು ಅನಿಸಿದರೆ ಒಂದು ಪಟ್ಟು ಮಾತ್ರ, ಅದೂ ಬೆಲೆ 115 ದಾಟಿ ನಿಂತ ಮೇಲೆ. ಸಾಲ ತಂದ ದುಡ್ಡಾ ಇದು?

ಬಸವರಾಜ್: ಅರ್ಧ.

ಸುಮತಿ: ಹಾಗಾದರೆ ಇಲ್ಲಿಗೇ ನಿಲ್ಲಿಸಿ. ನನಗೆ ನೇರ ಮೆಸೇಜ್ ಮಾಡಿ.

ಶೇಖರ್: *ಫಾರ್ವರ್ಡ್ ಮಾಡಿದ ಸಂದೇಶ:* ಯಾರೂ ಹೇಳದ ಗುಟ್ಟು! 5-13-26 ಇಎಂಎ ಮೂರೂ ಒಟ್ಟಿಗೆ ದಾಟಿದರೆ ನೂರಕ್ಕೆ 95 ಸಲ ಲಾಭ ಗ್ಯಾರಂಟಿ. ಹತ್ತು ಜನಕ್ಕೆ ಕಳಿಸಿ. 🙏 ಬಸವರಾಜ್ ಅವರಿಗೆ ಉಪಯೋಗ ಆಗಬಹುದು.

ಸುಮತಿ: ಶೇಖರ್ ಅವರೇ, ಈಗ ತಾನೇ ಸಾಲದ ದುಡ್ಡಿನ ಮಾತು ಬಂತು, ಅದರ ಕೆಳಗೇ ಇದನ್ನು ಹಾಕುತ್ತೀರಲ್ಲ. 95 ಅಂತ ಯಾವ ಶೇರಿನ ಮೇಲೆ, ಯಾವ ಅವಧಿಯಲ್ಲಿ ಎಣಿಸಿದ್ದು? ಸೋತ ಐದು ಎಷ್ಟೆಷ್ಟು ತಿಂದವು? ಕ್ರಾಸ್ ಪದ್ಧತಿ ಸಾಮಾನ್ಯವಾಗಿ ಸೋಲುವುದೇ ಜಾಸ್ತಿ ಸಲ, ಅಪರೂಪಕ್ಕೆ ಬರುವ ದೊಡ್ಡ ಟ್ರೆಂಡಿನಲ್ಲಿ ಗಳಿಸಿ ಸರಿದೂಗಿಸಬೇಕು. ನೂರಕ್ಕೆ 95 ಅನ್ನುವವರು ಅದನ್ನು ಓಡಿಸಿಯೇ ನೋಡಿಲ್ಲ. ದಯವಿಟ್ಟು ತೆಗೆಯಿರಿ.

ಶೇಖರ್: ಒಳ್ಳೆಯದಾಗಲಿ ಅಂತ ಹಾಕಿದ್ದು. 50 ದಿನದ ಸರಾಸರಿ 200 ದಿನದ್ದನ್ನು ಮೇಲಕ್ಕೆ ದಾಟಿದರೆ ಗೋಲ್ಡನ್ ಕ್ರಾಸ್, ಕೆಳಕ್ಕೆ ದಾಟಿದರೆ ಡೆತ್ ಕ್ರಾಸ್ ಅಂತ ದೊಡ್ಡ ದೊಡ್ಡವರೇ ಹೇಳ್ತಾರೆ, ಅವರೆಲ್ಲ ದಡ್ಡರಾ?

ಕಿರಣ್: ಶೇಖರ್ ಸರ್, 2020ರಲ್ಲಿ ಅಮೆರಿಕದ ಇಂಡೆಕ್ಸ್ ಎಸ್ ಅಂಡ್ ಪಿ 500 ತಳ ಮುಟ್ಟಿದ್ದು ಮಾರ್ಚ್ 23ಕ್ಕೆ. ಡೆತ್ ಕ್ರಾಸ್ ಬಂದಿದ್ದು ಮಾರ್ಚ್ ಕೊನೆಗೆ, ಅಂದರೆ ತಳ ಮುಟ್ಟಿ ಒಂದು ವಾರದ ಮೇಲೆ. ಅದನ್ನು ನಂಬಿ ಮಾರಿದವರು ಗೋಲ್ಡನ್ ಕ್ರಾಸ್‌ಗೆ ಜುಲೈವರೆಗೆ ಕಾದರು. ಅಷ್ಟರಲ್ಲಿ ಇಂಡೆಕ್ಸ್ ಎಲ್ಲೋ ಹೋಗಿತ್ತು.

ಶೇಖರ್: ನಿಮಗೆ ಬೇಕಾದ್ದನ್ನೇ ಆರಿಸಿ ಹೇಳ್ಬೇಡಿ. 2007ರ ಡಿಸೆಂಬರ್‌ನಲ್ಲಿ ಅದೇ ಡೆತ್ ಕ್ರಾಸ್ ಬಂತು, 2009ರ ಜೂನ್‌ವರೆಗೆ ಗೋಲ್ಡನ್ ಕ್ರಾಸ್ ಬರಲಿಲ್ಲ. ನಡುವೆ ಇಂಡೆಕ್ಸ್ ಅರ್ಧಕ್ಕಿಂತ ಕೆಳಗೆ ಹೋಯಿತು. ಮಾರಿದವರು ಬದುಕಿದರು.

ಕಿರಣ್: ಒಂದು ಸಲ ಸರಿ ಬಂದರೆ ಸಾಕಾ?

ಶೇಖರ್: ಒಂದು ಸಲ ತಪ್ಪಿದರೆ ಕಸವಾ?

ಸುಮತಿ: ಇಬ್ಬರ ಉದಾಹರಣೆಯೂ ನಿಜ. ಬಸವರಾಜ್ ಅವರಿಗೆ ಹೇಳಿದ ಲೆಕ್ಕವನ್ನೇ 50-200ಕ್ಕೆ ಹಾಕಿದರೆ, ನೇರವಾಗಿ ಇಳಿದು ಅದೇ ವೇಗದಲ್ಲಿ ಏರುವ ಬೆಲೆಗೆ ಕ್ರಾಸ್ ಬರುವುದು ತಿರುಗಿ ಸುಮಾರು 77 ವಹಿವಾಟಿನ ದಿನ ಆದಮೇಲೆ. 2008ರ ಇಳಿತ ಅದಕ್ಕಿಂತ ಬಹಳ ಉದ್ದ, 2020ರದ್ದು ಬಹಳ ಚಿಕ್ಕದು. ಬರುವಾಗ ಯಾವುದು ಯಾವ ಥರದ್ದು ಅಂತ ಕ್ರಾಸ್ ಹೇಳುವುದಿಲ್ಲ.

ಮಂಜು: ಸರಿ ಮೇಡಂ, ಆದರೂ 9-21 ಅಥವಾ 20-50?

ಸುಮತಿ: ಮೇಲೆ ಕೇಳಿದ್ದಕ್ಕೆ ಉತ್ತರ ಕೊಡಿ.

ನಾಗವೇಣಿ: ಅಕ್ಕ, ನನ್ನದೊಂದು. ಕಳೆದ ವಾರ ನನ್ನ ಶೇರಿನ ಬೆಲೆ ಒಂದೇ ದಿನದಲ್ಲಿ ಅರ್ಧವಾಯಿತು, ಈಗ ಚಾರ್ಟಿನಲ್ಲಿ ಡೆತ್ ಕ್ರಾಸ್. ಮಾರಿಬಿಡಲಾ? ವಿಚಿತ್ರ ಅಂದರೆ ಖಾತೆಯಲ್ಲಿ ಶೇರು ಎರಡು ಪಟ್ಟಾಗಿದೆ.

ಸುಮತಿ: ಅದು ಸ್ಪ್ಲಿಟ್ ಅಥವಾ ಬೋನಸ್, ಕಂಪನಿಯೇ ಒಂದು ಶೇರನ್ನು ಎರಡು ಮಾಡಿದೆ, ಅದಕ್ಕೇ ಬೆಲೆ ಅರ್ಧ. ನಿಮ್ಮ ಚಾರ್ಟ್ ಹಳೆಯ ಬೆಲೆಗಳನ್ನು ಸರಿಹೊಂದಿಸಿಲ್ಲ. ಸರಿಹೊಂದಿಸಿದ ಚಾರ್ಟ್ ನೋಡಿ, ಕ್ರಾಸ್ ಮಾಯವಾಗಿರುತ್ತದೆ. ಅದಕ್ಕಾಗಿ ಮಾರಬೇಡಿ.

ಸತೀಶ್: ಕ್ರಿಪ್ಟೋಗೂ ಇದೇನಾ? ಐದು ನಿಮಿಷದ ಚಾರ್ಟ್‌ಗೆ ಯಾವ ಸೆಟ್ಟಿಂಗ್?

ವಿನಯ್: ಮೇಡಂ, ನಾನು 5ರಿಂದ 50ರವರೆಗೆ ಎಲ್ಲ ಜೋಡಿಗಳನ್ನೂ ಹಳೆಯ ಬೆಲೆಗಳ ಮೇಲೆ ಓಡಿಸಿದೆ. 17-43 ಎಲ್ಲಕ್ಕಿಂತ ಮೇಲೆ ಬಂತು. ಇದನ್ನೇ ಹಿಡಿಯಲಾ?

ಸುಮತಿ: ಸಾವಿರದಷ್ಟು ಜೋಡಿ ಓಡಿಸಿದರೆ ಯಾವುದಾದರೂ ಒಂದು ಮೇಲೆ ಬರಲೇಬೇಕಲ್ವಾ. ಅದರ ಅಕ್ಕಪಕ್ಕ ನೋಡಿ. 16-42, 18-44, 15-45 ಕೂಡ ಹೆಚ್ಚು ಕಡಿಮೆ ಅಷ್ಟೇ ಕೊಟ್ಟಿವೆಯಾ?

ವಿನಯ್: 18-44 ನಷ್ಟದಲ್ಲಿದೆ.

ಸುಮತಿ: ಹಾಗಾದರೆ 17-43 ಅನ್ನೋದು ಆ ಹಳೆಯ ಬೆಲೆಗಳಿಗೆ ಮಾತ್ರ ಹೊಂದಿದ ಕಾಕತಾಳೀಯ. ಇನ್ನೊಂದು, ಕ್ರಾಸ್ ಕಂಡ ದಿನದ ಮುಕ್ತಾಯದ ಬೆಲೆಗೇ ಕೊಂಡ ಹಾಗೆ ಲೆಕ್ಕ ಹಾಕಿದ್ದೀರಾ, ಮರುದಿನದ ಬೆಲೆಗಾ?

ಕಿರಣ್: ಅದರಲ್ಲಿ ಏನು ಮಹಾ ವ್ಯತ್ಯಾಸ ಬರುತ್ತೆ.

ಸುಮತಿ: ಮುಕ್ತಾಯದ ಬೆಲೆ ಗೊತ್ತಾದ ಮೇಲೆ ತಾನೇ ಸರಾಸರಿ ಗೊತ್ತಾಗೋದು ಕಿರಣ್. ಮೇಲಿನ 30 ಅಂಕದ ಉದಾಹರಣೆಯಲ್ಲಿ ಅದೇ ದಿನದ ಬೆಲೆ ಹಿಡಿದರೆ ಲಾಭ 10, ಮರುದಿನದ್ದಕ್ಕೆ 8. ಐದರಲ್ಲಿ ಒಂದು ಪಾಲು ಬರೀ ಕಾಗದದ ಮೇಲಿನ ಲಾಭ.

ವಿನಯ್: ಅದೇ ದಿನದ್ದು ಹಾಕಿದ್ದೆ. ಕಮಿಷನ್ ಕೂಡ ಸೇರಿಸಿಲ್ಲ.

ಸುಮತಿ: ಎರಡನ್ನೂ ಸೇರಿಸಿ ಮತ್ತೆ ಓಡಿಸಿ, ಆಮೇಲೆ ಮಾತಾಡೋಣ.

ಮಂಜು: ನನಗೆ ಮಾತ್ರ ಯಾರೂ ಹೇಳಲ್ಲ ಅಂತ ಆಯ್ತು. 20-50 ಹಾಕ್ತೀನಿ ಬಿಡಿ.

ಶೇಖರ್: 5-13-26 ಹಾಕಿ ಮಂಜು, ಯಾರ ಮಾತೂ ಕೇಳ್ಬೇಡಿ.

ಕಿರಣ್: ಆ ಮೆಸೇಜ್ ಇನ್ನೂ ತೆಗೆದಿಲ್ವಾ ನೀವು?